ವಾಟ್ಸಾಪಿನ ರಜೆ ಮೆಸೇಜನ್ನು ಎಚ್‌ಆರ್‌ಗೆ ಅರ್ಜಿಯಾಗಿ ಬರೆಯುವುದು

ಪ್ರಶ್ನೆ: ಕಾಸರಗೋಡಿನ ಒಂದು ಶೋರೂಮಿನಲ್ಲಿ ಕೆಲಸ. 14-08-2025ರ ರಾತ್ರಿ 12.10ಕ್ಕೆ ಮ್ಯಾನೇಜರಿಗೆ ಹೀಗೆ ಮೆಸೇಜ್ ಹಾಕಿದ್ದೆ: "ಸಾರ್, ಅಮ್ಮನಿಗೆ ಹುಷಾರಿಲ್ಲ. ನಾಳೆ ಮಂಗ್ಳೂರಿಗೆ ಕರ್ಕೊಂಡು ಹೋಗ್ಲಿಕ್ಕುಂಟು. ಶನಿವಾರವೂ ಬರ್ಲಿಕ್ಕೆ ಆಗ್ಲಿಕ್ಕಿಲ್ಲ. ಸ್ವಲ್ಪ ಅಡ್ಜಸ್ಟ್ ಮಾಡಿ." ಅವರು ಓಕೆ ಅಂದ್ರು. ಇವತ್ತು 18ಕ್ಕೆ ಕೆಲಸಕ್ಕೆ ಬಂದ್ರೆ ಎಚ್‌ಆರ್‌ನವರು ಅರ್ಜಿ ಬರೆದು ಕೊಡಿ ಅಂತಾರೆ. ಇದನ್ನೇ ಹೇಗೆ ಬರೆಯುವುದು?

ಉತ್ತರ:

ಮೊದಲು ತಾರೀಕು ಸರಿ ಮಾಡಿಕೊಳ್ಳಿ, ನಿಮ್ಮ ಮೆಸೇಜಿನಲ್ಲಿ ತೊಡಕಿರುವುದು ಅಲ್ಲೇ. ನೀವು ನಾಳೆ ಅಂದದ್ದು ಗುರುವಾರಕ್ಕೆ. ಆದರೆ ಮೆಸೇಜ್ ಹೋಗುವಾಗ 12 ಗಂಟೆ ದಾಟಿ ಗುರುವಾರ ಆಗಿಬಿಟ್ಟಿತ್ತು. ಎಚ್‌ಆರ್‌ನವರು ಸಮಯ ನೋಡಿ ಓದಿದರೆ ನಾಳೆ ಎಂದರೆ 15, ಅಂದರೆ ಹೇಗೂ ರಜೆ ಇದ್ದ ಸ್ವಾತಂತ್ರ್ಯ ದಿನ. ಹಾಗಾದರೆ ಗುರುವಾರ ನೀವು ಹೇಳದೆ ಕೇಳದೆ ತಪ್ಪಿಸಿಕೊಂಡ ಲೆಕ್ಕವಾಗುತ್ತದೆ. ಅದಕ್ಕೇ ಅರ್ಜಿಯಲ್ಲಿ ನಾಳೆ, ನಾಡಿದ್ದು ಯಾವುದೂ ಬೇಡ. ತಾರೀಕು ಮತ್ತು ವಾರ ಎರಡನ್ನೂ ಬರೆಯಿರಿ.

ಇನ್ನು ದಿನದ ಲೆಕ್ಕ. "14ರಿಂದ 16ರವರೆಗೆ" ಎಂದು ಬರೆದರೆ ಮೂರು ದಿನ ಕಡಿತವಾಗುವ ಸಾಧ್ಯತೆ ಉಂಟು. ನಿಮಗೆ ಬೇಕಾದದ್ದು 14 ಮತ್ತು 16, ಎರಡೇ ದಿನ. ನಡುವಿನ ಸರಕಾರಿ ರಜೆಯನ್ನೂ ಸೇರಿಸಿ ಎಣಿಸುವ ನಿಯಮ ಕೆಲವು ಖಾಸಗಿ ಕಂಪೆನಿಗಳಲ್ಲಿದೆ, ಕೆಲವು ಕಡೆ ಇಲ್ಲ. ನಿಮ್ಮಲ್ಲಿ ಇದ್ದರೆ ಅವರೇ ಮೂರು ಮಾಡುತ್ತಾರೆ, ನೀವಾಗಿ ಬರೆದು ಕೊಡಬೇಕಾಗಿಲ್ಲ.

ಯಾವ ರಜೆ ಎಂಬುದನ್ನೂ ನೀವೇ ಹೇಳಬೇಕು. ಹುಷಾರಿಲ್ಲ ಎಂಬ ಶಬ್ದ ನೋಡಿ ಸಿಕ್ ಲೀವ್ ಎಂದು ಬರೆಯುವವರು ತುಂಬ ಜನ. ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1960ರ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನದ ಅನಾರೋಗ್ಯ ರಜೆ ಇರುವುದು ನೌಕರನ ಸ್ವಂತ ಕಾಯಿಲೆಗೆ. ಅಮ್ಮನ ಕಾಯಿಲೆ ಅದರಲ್ಲಿ ಬರುವುದಿಲ್ಲ. ಸಕಾರಣವಿದ್ದರೆ ಕೊಡುವ ಸಾಂದರ್ಭಿಕ ರಜೆ, ಅಂದರೆ ಕ್ಯಾಶುವಲ್ ಲೀವ್, ಬೇರೆ 12 ದಿನ ಇದೆ. ನಿಮ್ಮದು ಅದು.

ಹೀಗೆ ಬರೆಯಬಹುದು:

ದಿನಾಂಕ: 18-08-2025
ಇವರಿಗೆ: ಎಚ್‌ಆರ್ ವಿಭಾಗ
ಮುಖಾಂತರ: ಶೋರೂಮ್ ಮ್ಯಾನೇಜರ್
ವಿಷಯ: 14-08-2025 ಮತ್ತು 16-08-2025ರ ಎರಡು ದಿನಗಳ ಸಾಂದರ್ಭಿಕ ರಜೆ ಮಂಜೂರು ಮಾಡುವ ಬಗ್ಗೆ

ಮಾನ್ಯರೇ,
ಅಸೌಖ್ಯದಲ್ಲಿದ್ದ ನನ್ನ ತಾಯಿಯನ್ನು 14-08-2025, ಗುರುವಾರ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. 16-08-2025, ಶನಿವಾರ ಮನೆಯಲ್ಲಿ ಅವರ ಆರೈಕೆಗೆ ಬೇರೆ ಯಾರೂ ಇರಲಿಲ್ಲ. ಆದ್ದರಿಂದ ಈ ಎರಡು ದಿನ ಕೆಲಸಕ್ಕೆ ಬರಲಾಗಲಿಲ್ಲ. 15 ಸ್ವಾತಂತ್ರ್ಯ ದಿನದ ರಜೆ, 17 ವಾರದ ರಜೆ. 18-08-2025ರಂದು ಕೆಲಸಕ್ಕೆ ಹಾಜರಾಗಿದ್ದೇನೆ.
ಈ ವಿಷಯವನ್ನು 14-08-2025ರಂದು, ನಡುರಾತ್ರಿ ಕಳೆದು 12.10ಕ್ಕೆ, ಮ್ಯಾನೇಜರ್ ಅವರಿಗೆ ವಾಟ್ಸಾಪಿನಲ್ಲಿ ತಿಳಿಸಿದ್ದೆ. ಅವರು ಒಪ್ಪಿಗೆ ಸೂಚಿಸಿದ್ದರು. ಎರಡು ದಿನಗಳ ಸಾಂದರ್ಭಿಕ ರಜೆ ಮಂಜೂರು ಮಾಡಬೇಕಾಗಿ ವಿನಂತಿ.
ಸಹಿ, ಹೆಸರು, ಉದ್ಯೋಗಿ ಸಂಖ್ಯೆ
ಲಗತ್ತು: ಆಸ್ಪತ್ರೆಯ ಓಪಿ ಚೀಟಿಯ ಪ್ರತಿ, ಮೆಸೇಜಿನ ಸ್ಕ್ರೀನ್‌ಶಾಟ್

ಶನಿವಾರದ ಕಾರಣ ನಿಮ್ಮ ಮೆಸೇಜಿನಲ್ಲಿಲ್ಲ, ಅದನ್ನು ನಾನು ಅಂದಾಜಿನಲ್ಲಿ ಹಾಕಿದ್ದು. ನಿಜವಾದ ಕಾರಣ ಬೇರೆ ಇದ್ದರೆ ಅದನ್ನೇ ಬರೆಯಿರಿ. ಓಪಿ ಚೀಟಿ ಗುರುವಾರದ್ದು ಮಾತ್ರ ಇರುವುದರಿಂದ ಅವರು ಕೇಳುವುದು ಶನಿವಾರವನ್ನೇ. ರೋಗದ ಹೆಸರು ಬೇಕಾಗಿಲ್ಲ. ಚೀಟಿಯಲ್ಲಿ ತಾರೀಕು ಮತ್ತು ಅಮ್ಮನ ಹೆಸರು ಕಂಡರೆ ಸಾಕು, ಉಳಿದದ್ದನ್ನು ಮುಚ್ಚಿ ಪ್ರತಿ ತೆಗೆಯಬಹುದು. "ಅಡ್ಜಸ್ಟ್ ಮಾಡಿ" ಎಂಬುದನ್ನು "ದಯವಿಟ್ಟು ಹೊಂದಿಸಿಕೊಳ್ಳಿ" ಎಂದು ಅಲಂಕರಿಸುವ ಅಗತ್ಯವೂ ಇಲ್ಲ, ಅದನ್ನು ಬಿಟ್ಟೇಬಿಡಿ.

ಅರ್ಜಿಯ ಮೇಲೆ 13ನೇ ತಾರೀಕು ಹಾಕಿ ಮುಂಚೆಯೇ ಕೊಟ್ಟ ಹಾಗೆ ಮಾಡಲು ಹೋಗಬೇಡಿ. ಲಗತ್ತಿಸಿದ ಚೀಟಿಯೇ 14ರದ್ದು, ಕೂಡಲೇ ಸಿಕ್ಕಿಬೀಳುತ್ತದೆ. ಇಂದಿನ ತಾರೀಕು ಹಾಕಿ, ಮುಂಚೆ ತಿಳಿಸಿದ್ದಕ್ಕೆ ಮೆಸೇಜನ್ನು ತೋರಿಸುವುದೇ ಗಟ್ಟಿ. "ಒಪ್ಪಿಗೆ ಸೂಚಿಸಿದ್ದರು" ಎಂದು ಬರೆಯಬಹುದಾದದ್ದೂ ಓಕೆ ಎಂಬ ಉತ್ತರ ಬಂದಿರುವುದರಿಂದ. ಬರೀ ನೀಲಿ ಟಿಕ್ ಬಿದ್ದಿದ್ದರೆ "ತಿಳಿಸಿದ್ದೆ" ಎಂಬಲ್ಲಿಗೆ ನಿಲ್ಲಿಸಬೇಕಿತ್ತು.

ಸ್ಕ್ರೀನ್‌ಶಾಟಿನಲ್ಲಿ ನಿಮ್ಮ ಮೆಸೇಜ್, ಅವರ ಉತ್ತರ, ಮೇಲಿನ ತಾರೀಕಿನ ಪಟ್ಟಿ ಮೂರೂ ಒಟ್ಟಿಗೆ ಕಾಣಬೇಕು. ಪಟ್ಟಿಯಲ್ಲಿ ತಾರೀಕಿನ ಬದಲು ಬರೀ ವಾರದ ಹೆಸರು ಕಂಡರೆ, ಮೆಸೇಜನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆಯಿರಿ. ಓದಿದ ಸಮಯ ಅಲ್ಲಿ ಸಿಗುತ್ತದೆ, ಅದರದ್ದೂ ಒಂದು ಚಿತ್ರ ಸೇರಿಸಿ. ಚಾಟಿನಲ್ಲಿ ಮೆಸೇಜ್ ತಾನಾಗಿ ಅಳಿಯುವ ಸೆಟ್ಟಿಂಗ್ ಇದ್ದರೆ ಈ ಕೆಲಸ ಇವತ್ತೇ ಆಗಲಿ. ಎಚ್‌ಆರ್ ಎರ್ನಾಕುಲದಲ್ಲಿ ಕೂತಿದ್ದು ಕನ್ನಡ ಬಾರದವರಾದರೆ ಇದೇ ಕ್ರಮದಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ, ಸ್ಕ್ರೀನ್‌ಶಾಟಿನ ಕೆಳಗೆ ಮೆಸೇಜಿನ ಅರ್ಥವನ್ನೂ ಒಂದು ಸಾಲಿನಲ್ಲಿ ಕೊಡಿ. ಅಲ್ಲಿಯೂ ನಾಳೆ ಎಂದದ್ದು 14ಕ್ಕೆ ಎಂದು ಸ್ಪಷ್ಟ ಮಾಡಿ.