ಕ್ಲೋಸಪ್‌ನಲ್ಲಿ ಬಾಯಿ ಮಾತ್ರ ಯಾಕೆ ಮಸುಕಾಗುತ್ತದೆ?

"Wav2Lip ಬಳಸಿ ಹೊಸ ಆಡಿಯೊ ಕೂರಿಸಿದೆ. ಕ್ಲೋಸಪ್‌ನಲ್ಲಿ ಬಾಯಿ ಮಸುಕು, ತಲೆ ತಿರುಗಿಸಿದಾಗ ಎರಡು ಬಾಯಿ ಕಾಣುತ್ತದೆ. ಏನು ಮಾಡಲಿ?"

ಮಸುಕಿಗೆ ಕಾರಣ ನಿಮ್ಮ ವಿಡಿಯೊ ಅಲ್ಲ. ತುಟಿಯ ಚಲನೆಯನ್ನು ಆಡಿಯೊಗೆ ಹೊಂದಿಸುವ ಈ ಮಾಡೆಲ್ ಮುಖವನ್ನು ಕತ್ತರಿಸಿ 96×96 ಪಿಕ್ಸೆಲ್‌ಗೆ ಇಳಿಸುತ್ತದೆ, ಅದರ ಕೆಳಗಿನ ಅರ್ಧವನ್ನು ಹೊಸದಾಗಿ ಬರೆದು, ಮತ್ತೆ ಹಿಗ್ಗಿಸಿ ಅಂಟಿಸುತ್ತದೆ. ಕ್ಲೋಸಪ್‌ನಲ್ಲಿ ಮುಖ 400 ಪಿಕ್ಸೆಲ್ ಅಗಲ ಇದ್ದರೆ ನಾಲ್ಕು ಪಟ್ಟಿಗಿಂತ ಜಾಸ್ತಿ ಎಳೆದ ಹಾಗಾಯಿತು, ಹಲ್ಲಿನ ಗೆರೆ ಎಲ್ಲಿ ಉಳಿಯಬೇಕು ಹೇಳಿ? 1080p ಬದಲು 720p ಕೊಟ್ಟರೆ ವ್ಯತ್ಯಾಸ ಅಷ್ಟು ಎದ್ದು ಕಾಣುವುದಿಲ್ಲ.

ಎರಡು ಬಾಯಿಯ ಕಥೆ ಬೇರೆ. ಮುಖ ಎಲ್ಲಿದೆ ಎಂದು ಹುಡುಕಿದ ಮೇಲೆ ಅದು ಅಕ್ಕಪಕ್ಕದ ಫ್ರೇಮ್‌ಗಳ ಸರಾಸರಿ ತೆಗೆಯುತ್ತದೆ. ತಲೆ ಬೇಗ ತಿರುಗಿದರೆ ಚೌಕಟ್ಟು ಮುಖದ ಮೇಲೆ ಸರಿಯಾಗಿ ಕೂರುವುದಿಲ್ಲ, ಹೊಸ ಬಾಯಿ ಪಕ್ಕಕ್ಕೆ ಬೀಳುತ್ತದೆ. ಆ ಸರಾಸರಿ ನಿಲ್ಲಿಸಿ, ಗದ್ದವೂ ಒಳಗೆ ಬರುವ ಹಾಗೆ ಕೆಳಗೆ ಜಾಗ ಕೊಡಿ. ಓಡಿಸುವ ಕಮಾಂಡ್‌ನ ಕೊನೆಗೆ ಇದನ್ನು ಸೇರಿಸಿ:

```
--nosmooth --pads 0 20 0 0 --resize_factor 2
```

ಕೊನೆಯದು ಅಳತೆಯನ್ನು ಅರ್ಧ ಮಾಡುತ್ತದೆ, 720p ಆಗಲೇ ಇದ್ದರೆ ಬಿಡಿ. ಪೂರ್ತಿ ಪಕ್ಕಕ್ಕೆ ತಿರುಗಿದ ಶಾಟ್‌ಗೆ ಮಾತ್ರ ಇದರಲ್ಲಿ ಮದ್ದಿಲ್ಲ, ಅಲ್ಲಿ ಸುಮ್ನೆ ಬೇರೆ ದೃಶ್ಯಕ್ಕೆ ಕಟ್ ಮಾಡುವುದೇ ಒಳ್ಳೆಯದು.

ಆಮೇಲೆ ಪ, ಬ, ಮ ಬರುವ ಕಡೆ ಒಂದೊಂದೇ ಫ್ರೇಮ್ ಸರಿಸಿ ನೋಡಿ. ತುಟಿ ಪೂರ್ತಿ ಮುಚ್ಚದಿದ್ದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಹಿನ್ನೆಲೆ ಸಂಗೀತ ಬೆರೆತ ಆಡಿಯೊ ಕೊಟ್ಟಿದ್ದರೆ ಬರೀ ಮಾತಿನ ಟ್ರ್ಯಾಕ್ ಕೊಟ್ಟು ಮತ್ತೆ ಓಡಿಸಿ, ಸಂಗೀತ ಕೊನೆಗೆ ಸೇರಿಸಿ.