ತ್ರೈಮಾಸಿಕ ವರದಿಯಲ್ಲಿ ಶಿಫ್ಟ್, ಟ್ರಾನ್ಸಿಷನ್, ಓವರ್‌ಹಾಲ್, ರಿವಿಷನ್: ಯಾವುದನ್ನು ಎಲ್ಲಿ ಬರೆಯಬೇಕು?

ಪ್ರಶ್ನೆ: ನಮ್ಮ ಕಂಪನಿಯ ಕ್ವಾರ್ಟರ್ಲಿ ರಿಪೋರ್ಟ್ ನಾನೇ ಬರೀತೀನಿ. ಪ್ರತಿ ಪ್ಯಾರಾದಲ್ಲೂ ‘ಚೇಂಜ್’ ಅಂತಲೇ ಬರುತ್ತೆ, ಓದೋಕೆ ಬೇಜಾರು. ಅದರ ಬದಲು ಶಿಫ್ಟ್, ಟ್ರಾನ್ಸಿಷನ್, ಓವರ್‌ಹಾಲ್, ರಿವಿಷನ್ ಅಂತ ಒಂದೊಂದು ಕಡೆ ಒಂದೊಂದು ಹಾಕಬಹುದಾ?

ಹಾಗೆ ಅದಲುಬದಲು ಹಾಕಬೇಡಿ. ನಾನು ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆ, ತಾರಿಹಾಳ ಕಡೆಯ ಸಣ್ಣ–ಮಧ್ಯಮ ಕಾರ್ಖಾನೆಗಳ ಲೆಕ್ಕಪತ್ರ ನೋಡುತ್ತೇನೆ. ಮೂರು ತಿಂಗಳಿಗೊಮ್ಮೆ ಮಾಲೀಕರಿಗೂ ಬ್ಯಾಂಕಿಗೂ ಹೋಗುವ ವರದಿಗಳು ನನ್ನ ಮೇಜಿನ ಮೇಲಿಂದಲೇ ದಾಟುತ್ತವೆ. ಇವನ್ನು ಓದುವವರು ಭಾಷೆ ಚೆಂದ ಇದೆಯೇ ಎಂದು ನೋಡುವುದಿಲ್ಲ, ಅಂಕಿಗೆ ಏನಾಯಿತು ಎಂದು ನೋಡುತ್ತಾರೆ. ನೀವು ಕೇಳಿದ ನಾಲ್ಕೂ ಪದಗಳು ಅಂಕಿಯ ಬಗ್ಗೆ ನಾಲ್ಕು ಬೇರೆ ಬೇರೆ ಮಾತು ಹೇಳುತ್ತವೆ. ತಪ್ಪು ಪದ ಬಿದ್ದರೆ ಓದುವವರು ತಪ್ಪು ಲೆಕ್ಕ ಹಾಕುತ್ತಾರೆ.

ಮೊದಲಿಗೆ, ಅಂಕಿ ಏರಿದ್ದರೆ ‘ಏರಿಕೆ’, ಇಳಿದಿದ್ದರೆ ‘ಇಳಿಕೆ’ ಎಂದೇ ಬರೆಯಿರಿ. ‘ಮಾರಾಟದಲ್ಲಿ ಚೇಂಜ್ ಆಗಿದೆ’ ಎಂಬ ಸಾಲು ಏನನ್ನೂ ಹೇಳುವುದಿಲ್ಲ. ನಿಮ್ಮ ವರದಿಯ ಅರ್ಧಕ್ಕರ್ಧ ‘ಚೇಂಜ್’ ಇಷ್ಟರಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ಮಾತ್ರ ಈ ನಾಲ್ಕು ಪದಗಳ ವಿಚಾರ.

ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ ಇದ್ದು, ಒಳಗಿನ ಪಾಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಿದ್ದರೆ ಅದು ಶಿಫ್ಟ್. ಒಂದು ಕಾರ್ಖಾನೆ ಪಂಪ್‌ಸೆಟ್ಟಿನ ಬಿಡಿಭಾಗ ಮತ್ತು ವಾಲ್ವ್ ಎರಡನ್ನೂ ಮಾಡುತ್ತದೆ ಎಂದಿಟ್ಟುಕೊಳ್ಳಿ. ಹಿಂದಿನ ತ್ರೈಮಾಸಿಕದಲ್ಲಿ ಮಾರಾಟ 4 ಕೋಟಿ: ಬಿಡಿಭಾಗ 2.4 ಕೋಟಿ, ವಾಲ್ವ್ 1.6 ಕೋಟಿ. ಈ ಸಲವೂ ಒಟ್ಟು 4 ಕೋಟಿಯೇ, ಆದರೆ ಬಿಡಿಭಾಗ 1.8, ವಾಲ್ವ್ 2.2. ಬಿಡಿಭಾಗಕ್ಕೆ ನೂರಕ್ಕೆ 12, ವಾಲ್ವ್‌ಗೆ ನೂರಕ್ಕೆ 20 ಮಾರ್ಜಿನ್ ಸಿಗುತ್ತದೆ ಎಂದರೆ ಒಟ್ಟು ಲಾಭ 60.8 ಲಕ್ಷದಿಂದ 65.6 ಲಕ್ಷಕ್ಕೆ ಬಂತು. ದರ ಏರಿಸಿಲ್ಲ, ಖರ್ಚು ಇಳಿಸಿಲ್ಲ, ಒಂದು ರೂಪಾಯಿ ಹೆಚ್ಚಿಗೆ ಮಾರಿಲ್ಲ. ಆದರೂ 4.8 ಲಕ್ಷ ಹೆಚ್ಚಿಗೆ ಉಳಿಯಿತು. ಇದನ್ನು ಹೇಳಲು ಶಿಫ್ಟ್‌ಗಿಂತ ಒಳ್ಳೆಯ ಪದ ಇಲ್ಲ. ಅದೇ ಬಿಡಿಭಾಗದ ಮಾರಾಟ 2.4 ಕೋಟಿಯಲ್ಲೇ ನಿಂತು ವಾಲ್ವ್ ಮಾತ್ರ 2.2ಕ್ಕೆ ಹೋಗಿದ್ದರೆ ಅದು ಬೆಳವಣಿಗೆ. ಅಲ್ಲಿ ಶಿಫ್ಟ್ ಎಂದು ಬರೆದರೆ ಬಿಡಿಭಾಗದ ಗಿರಾಕಿಗಳು ಕೈಬಿಟ್ಟರು ಎಂಬ ಅರ್ಥ ಬರುತ್ತದೆ.

ಈ ಪದದ ಜೊತೆಗೆ ನಮ್ಮ ಭಾಗದಲ್ಲಿ ಇನ್ನೊಂದು ಎಚ್ಚರ ಬೇಕು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಆವಕ ಜೋರಾಗುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಅಲ್ಲಿನ ಕೋಲ್ಡ್ ಸ್ಟೋರೇಜ್‌ನವರು, ಚೀಲ ಮಾರುವವರು, ಲಾರಿ ಓಡಿಸುವವರು ಎಲ್ಲರ ಜನವರಿ–ಮಾರ್ಚ್ ಅಂಕಿ ಅದರ ಹಿಂದಿನ ಮೂರು ತಿಂಗಳಿಗಿಂತ ಬೇರೆಯೇ ಇರುತ್ತದೆ. ಅದು ಹಂಗಾಮು. ಹೋದ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಿದಾಗಲೂ ಪಾಲು ಸರಿದಿರುವುದು ಕಂಡರೆ ಮಾತ್ರ ಶಿಫ್ಟ್ ಎನ್ನಿ. ಅಲ್ಲಿಯವರೆಗೆ ‘ಹಂಗಾಮಿನ ಏರಿಕೆ’ ಸಾಕು.

ಟ್ರಾನ್ಸಿಷನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆ ಪದ ಬರೆದರೆ ಎಲ್ಲಿಂದ, ಎಲ್ಲಿಗೆ, ಯಾವ ತಾರೀಖಿನೊಳಗೆ ಎಂಬ ಮೂರನ್ನೂ ಬರೆಯಬೇಕು. ಹಳೆಯ ಅಕೌಂಟಿಂಗ್ ಸಾಫ್ಟ್‌ವೇರ್‌ನಿಂದ ಹೊಸದಕ್ಕೆ ಹೋಗುತ್ತಿದ್ದೀರಿ ಎನ್ನಿ. ಬಿಲ್ಲಿಂಗ್ ಜುಲೈಯಿಂದ ಹೊಸದರಲ್ಲಿ ನಡೆಯುತ್ತಿದೆ, ಸ್ಟಾಕ್ ಸೆಪ್ಟೆಂಬರ್ ಕೊನೆಯವರೆಗೆ ಹಳೆಯದರಲ್ಲೇ ಇರುತ್ತದೆ. ಈ ಎರಡು ದಡಗಳ ನಡುವಿನ ಕಾಲವೇ ಟ್ರಾನ್ಸಿಷನ್. ಆ ಅವಧಿಯ ಅಂಕಿ ಎರಡು ಕಡೆಯಿಂದ ಬಂದಿರುವುದರಿಂದ, ಹಳೆಯದರ ಕೊನೆಯ ಇನ್‌ವಾಯ್ಸ್ ನಂಬರ್ ಮತ್ತು ಹೊಸದರ ಮೊದಲನೆಯ ನಂಬರ್ ನೋಡಿ, ನಡುವೆ ಯಾವುದೂ ಎರಡು ಸಲ ಸೇರಿಲ್ಲ, ಯಾವುದೂ ಬಿಟ್ಟುಹೋಗಿಲ್ಲ ಎಂದು ಖಾತ್ರಿ ಮಾಡಿಕೊಂಡೇ ವರದಿ ಕಳಿಸಬೇಕು.

ಓವರ್‌ಹಾಲ್ ಅಂದರೆ ಏನೆಂದು ಹುಬ್ಬಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿನ ರೈಲ್ವೆ ವರ್ಕ್‌ಶಾಪಿಗೆ ಬೋಗಿಗಳು ಬರುವುದೇ ಪಿಒಎಚ್‌ಗೆ, ಅಂದರೆ ನಿಗದಿತ ಅವಧಿಗೊಮ್ಮೆ ನಡೆಯುವ ಓವರ್‌ಹಾಲ್‌ಗೆ. ಗಾಲಿಯ ಭಾಗವನ್ನು ಬಿಚ್ಚಿ, ತಪಾಸಣೆ ಮಾಡಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿ ಹೊರಗೆ ಕಳಿಸುತ್ತಾರೆ. ವರದಿಯಲ್ಲೂ ಅಷ್ಟು ಬಿಚ್ಚಿ ಕಟ್ಟಿದ್ದರೆ ಮಾತ್ರ ಆ ಪದ ಬರೆಯಿರಿ. ಸಾಲದ ಮೇಲೆ ಮಾಲು ಕೊಡುವ ಅವಧಿಯನ್ನು 45 ದಿನದಿಂದ 30 ದಿನಕ್ಕೆ ಇಳಿಸಿದ್ದು ಓವರ್‌ಹಾಲ್ ಆಗುವುದಿಲ್ಲ. ಕಾರ್ಖಾನೆಯ ವರದಿಯಲ್ಲಿ ಇನ್ನೊಂದು ತೊಡಕೂ ಇದೆ. ‘ಫರ್ನೇಸ್ ಓವರ್‌ಹಾಲ್’ ಎಂದು ಓದಿದ ಕೂಡಲೇ ಆಡಿಟರ್ ಕೇಳುವುದು ಖರ್ಚನ್ನು ಎಲ್ಲಿ ಹಾಕಿದ್ದೀರಿ ಎಂದು. ದಿನನಿತ್ಯದ ರಿಪೇರಿಯಾದರೆ ಪೂರ್ತಿ ಈ ತ್ರೈಮಾಸಿಕದ ಖರ್ಚು. ಕೆಲವು ವರ್ಷಕ್ಕೊಮ್ಮೆ ಆಗುವ ದೊಡ್ಡ ತಪಾಸಣೆಯಾಗಿದ್ದು, ನಿಯಮದ ಷರತ್ತಿಗೆ ಹೊಂದಿದರೆ ಯಂತ್ರದ ಬೆಲೆಗೇ ಸೇರಿಸಿ, ಮುಂದಿನ ತಪಾಸಣೆಯವರೆಗೆ ಸವಕಳಿ ಹಾಕುತ್ತಾ ಹೋಗಬೇಕು. ಆದ್ದರಿಂದ ಮಾರಾಟ ವಿಭಾಗದ ಪದ್ಧತಿ ತಿದ್ದಿದ್ದಕ್ಕೆ ಈ ಪದ ಬಳಸದೆ, ಯಂತ್ರದ ಮಾತಿಗೇ ಬಿಟ್ಟುಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈಗ ರಿವಿಷನ್. ಅತಿ ಹೆಚ್ಚು ಗೋಳು ಇದರಿಂದಲೇ. ಲೆಕ್ಕದಲ್ಲಿ ಅಂದಾಜನ್ನು ಪರಿಷ್ಕರಿಸುವುದು ಒಂದು, ಹಿಂದೆ ಆದ ತಪ್ಪನ್ನು ತಿದ್ದುವುದು ಇನ್ನೊಂದು. ಎರಡಕ್ಕೂ ಜನ ‘ರಿವೈಸ್ಡ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಮೊದಲನೆಯದನ್ನು ನೋಡಿ. 60 ಲಕ್ಷದ ಯಂತ್ರ, 10 ವರ್ಷದ ಬಾಳಿಕೆ, ಕೊನೆಗೆ ಗುಜರಿ ಬೆಲೆ ಸೊನ್ನೆ ಎಂದು ಹಿಡಿದಿದ್ದೀರಿ. ವರ್ಷಕ್ಕೆ 6 ಲಕ್ಷ, ತ್ರೈಮಾಸಿಕಕ್ಕೆ 1.5 ಲಕ್ಷ ಸವಕಳಿ. ನಾಲ್ಕು ವರ್ಷ ಕಳೆದಾಗ ಪುಸ್ತಕದಲ್ಲಿ 36 ಲಕ್ಷ ಉಳಿದಿದೆ. ಈಗ ಮೂರು ಪಾಳಿ ಓಡಿಸುತ್ತಿರುವುದರಿಂದ ಯಂತ್ರ ಇನ್ನು ಆರು ವರ್ಷ ಬಾಳುವುದಿಲ್ಲ, ಮೂರೇ ವರ್ಷ ಎಂದು ಎಂಜಿನಿಯರ್ ಬರೆದುಕೊಟ್ಟರು. ಆಗ 36 ಲಕ್ಷವನ್ನು ಮೂರು ವರ್ಷಕ್ಕೆ ಹಂಚಬೇಕು: ವರ್ಷಕ್ಕೆ 12 ಲಕ್ಷ, ತ್ರೈಮಾಸಿಕಕ್ಕೆ 3 ಲಕ್ಷ. ಹಳೆಯ ನಾಲ್ಕು ವರ್ಷದ ಸವಕಳಿಯನ್ನು ಮುಟ್ಟುವಂತಿಲ್ಲ. ಅಂದು ಗೊತ್ತಿದ್ದ ಮಾಹಿತಿಗೆ ಅಂದಿನ ಅಂದಾಜು ಸರಿಯಾಗಿಯೇ ಇತ್ತು. ಇದು ನಿಜವಾದ ರಿವಿಷನ್, ಇದರ ಪರಿಣಾಮ ಮುಂದಕ್ಕೆ ಮಾತ್ರ. ವರದಿಯಲ್ಲಿ ಹೀಗೆ ಬರೆಯಬಹುದು: ‘ಯಂತ್ರದ ಉಳಿದ ಬಾಳಿಕೆಯ ಅಂದಾಜನ್ನು 6 ವರ್ಷದಿಂದ 3 ವರ್ಷಕ್ಕೆ ಪರಿಷ್ಕರಿಸಲಾಗಿದೆ. ಇದರಿಂದ ಈ ತ್ರೈಮಾಸಿಕದ ಸವಕಳಿ 1.5 ಲಕ್ಷ ಹೆಚ್ಚಾಗಿದೆ. ಹಿಂದಿನ ಅವಧಿಯ ಅಂಕಿಗಳು ಹಾಗೆಯೇ ಇವೆ.’ ಇದನ್ನೇ ‘ಲೆಕ್ಕದ ನೀತಿಯ ಬದಲಾವಣೆ’ ಎಂದು ಬರೆದರೆ ಓದುವವರು ಹಿಂದಿನ ವರ್ಷಗಳ ಅಂಕಿಯೂ ತಿರುಗಿದೆ ಎಂದುಕೊಂಡು ಹುಡುಕತೊಡಗುತ್ತಾರೆ.

ಎರಡನೆಯದು ಬೇರೆ ಜಾತಿಯದು. ಜೂನ್ ಕೊನೆಗೆ ಸ್ಟಾಕ್ ಎಣಿಸುವಾಗ ಗೋದಾಮಿನ ಒಂದು ಹಾಳೆ ಎರಡು ಸಲ ಸೇರಿ 8 ಲಕ್ಷ ಹೆಚ್ಚಿಗೆ ಬಂತು ಎನ್ನಿ. ಕೊನೆಯ ಸ್ಟಾಕ್ ಹೆಚ್ಚಾದರೆ ಆ ತ್ರೈಮಾಸಿಕದ ಲಾಭವೂ ಅಷ್ಟೇ ಹೆಚ್ಚಾಗಿ ಕಾಣುತ್ತದೆ. ಮುಂದಿನ ತ್ರೈಮಾಸಿಕ ಅದೇ ಸ್ಟಾಕ್‌ನಿಂದ ಶುರುವಾಗುವುದರಿಂದ ಅಲ್ಲಿ 8 ಲಕ್ಷ ಕಡಿಮೆ ಬೀಳುತ್ತದೆ. ಆರು ತಿಂಗಳ ಮೊತ್ತ ಸರಿಯಾಗಿಯೇ ಇರುತ್ತದೆ, ಅದಕ್ಕೇ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾರ್ಜಿನ್ ಒಂದು ತ್ರೈಮಾಸಿಕದಲ್ಲಿ ಕಾರಣವಿಲ್ಲದೆ ಜಿಗಿದು ಮುಂದಿನದರಲ್ಲಿ ಅಷ್ಟೇ ಕುಸಿದಿದ್ದರೆ ಮೊದಲು ಸ್ಟಾಕ್ ಹಾಳೆ ತೆಗೆದು ನೋಡಿ.

ಇಂಥದನ್ನು ರಿವಿಷನ್ ಎನ್ನಬಾರದು. ಇದು ತಪ್ಪಿನ ತಿದ್ದುಪಡಿ, ಹಾಗೆಂದೇ ಬರೆಯಬೇಕು. ಮಾಲೀಕರಿಗೆ ಇದು ಹಿಡಿಸುವುದಿಲ್ಲ. ‘ತಪ್ಪಾಗೇತಿ ಅಂತ ಬರದ್ರ ಬ್ಯಾಂಕಿನವ್ರು ಏನ್ ಅನ್ಕೋತಾರ್ರೀ? ರಿವೈಸ್ಡ್ ಅಂತ ಹಾಕ್ರಿ, ಮುಗೀತು’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಆದರೆ ಬ್ಯಾಂಕಿಗೆ ಜೂನ್ ಸ್ಟೇಟ್‌ಮೆಂಟ್ ಆಗಲೇ ಹೋಗಿರುತ್ತದೆ. ಬ್ಯಾಂಕು ಸ್ಟಾಕ್ ಬೆಲೆಯಲ್ಲಿ ನೂರಕ್ಕೆ 25ನ್ನು ತನ್ನ ಮಾರ್ಜಿನ್ ಎಂದು ಕಳೆದು, ಉಳಿದದ್ದಕ್ಕೆ ಡ್ರಾಯಿಂಗ್ ಪವರ್, ಅಂದರೆ ಸಾಲ ಎತ್ತುವ ಮಿತಿ ಕೊಡುತ್ತಿದ್ದರೆ, ಆ 8 ಲಕ್ಷದ ಮೇಲೆ 6 ಲಕ್ಷ ಹೆಚ್ಚಿಗೆ ಸಾಲ ಎತ್ತಲು ಅವಕಾಶ ಸಿಕ್ಕಿರುತ್ತದೆ. ಸ್ಟಾಕ್, ಬಾಕಿ ಬರಬೇಕಾದ ಹಣ ಇವುಗಳ ಆಧಾರದ ಮೇಲೆ 5 ಕೋಟಿ ಮೀರಿದ ವರ್ಕಿಂಗ್ ಕ್ಯಾಪಿಟಲ್ ಮಿತಿ ಮಂಜೂರಾಗಿದ್ದು, ಆಡಿಟ್ ವರದಿಯಲ್ಲಿ ಏನೇನು ಹೇಳಬೇಕೆಂದು ತಿಳಿಸುವ ಕಾರೊ 2020 ಆದೇಶ ಕಂಪನಿಗೆ ಅನ್ವಯಿಸುತ್ತಿದ್ದರೆ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಸ್ಟೇಟ್‌ಮೆಂಟ್ ಪುಸ್ತಕದೊಂದಿಗೆ ತಾಳೆಯಾಗುತ್ತದೆಯೇ ಎಂದು ಆಡಿಟರ್ ತಮ್ಮ ವರದಿಯಲ್ಲೇ ಹೇಳಬೇಕು. ಆಗ ‘ರಿವೈಸ್ಡ್’ ಎಂಬ ಪದ ನಿಮ್ಮನ್ನು ಕಾಯುವುದಿಲ್ಲ. ಎಷ್ಟು, ಯಾವಾಗ, ಹೇಗೆ ಎಂದು ಬರೆದ ಎರಡು ಸಾಲು ಕಾಯುತ್ತವೆ.

ತಪ್ಪು ಹಿಂದಿನ ಹಣಕಾಸು ವರ್ಷದ್ದಾಗಿದ್ದರೆ ನಿಮ್ಮ ಕಂಪನಿ ಯಾವ ಲೆಕ್ಕ ನಿಯಮದಡಿ ಬರುತ್ತದೆ ಎಂದು ನೋಡಬೇಕು. ಶೇರುಪೇಟೆಯಲ್ಲಿರುವ ಕಂಪನಿಗಳು, ಹಾಗೆಯೇ 250 ಕೋಟಿ ಅಥವಾ ಹೆಚ್ಚಿನ ನಿವ್ವಳ ಮೌಲ್ಯದ ಇತರ ಕಂಪನಿಗಳು ಸಾಮಾನ್ಯವಾಗಿ ಇಂಡ್ ಎಎಸ್ ಎಂಬ ಹೊಸ ಲೆಕ್ಕ ನಿಯಮ ಪಾಲಿಸುತ್ತವೆ. ಅಲ್ಲಿ ಗಣನೀಯ ತಪ್ಪಾಗಿದ್ದರೆ ಹಳೆಯ ವರ್ಷದ ಅಂಕಿಯನ್ನೇ ತಿದ್ದಿ ತೋರಿಸಬೇಕು, ಆ ಕಾಲಂ ಮೇಲೆ ‘ರೀಸ್ಟೇಟೆಡ್’ ಎಂದಿರಬೇಕು. ನಮ್ಮ ಕಡೆಯ ಹೆಚ್ಚಿನ ಕಾರ್ಖಾನೆಗಳು ಎಎಸ್ ಎಂಬ ಹಳೆಯ ಲೆಕ್ಕ ನಿಯಮ ಪಾಲಿಸುವಂಥವು. ಅಲ್ಲಿ ಎಎಸ್ 5ರ ಪ್ರಕಾರ ಹಳೆಯ ಅಂಕಿ ಹಾಗೆಯೇ ಇರುತ್ತದೆ, ತಪ್ಪಿನ ಮೊತ್ತವನ್ನು ಈ ವರ್ಷದ ಲಾಭ–ನಷ್ಟದಲ್ಲಿ ‘ಹಿಂದಿನ ಅವಧಿಯ ಬಾಬ್ತು’ ಎಂದು ಪ್ರತ್ಯೇಕವಾಗಿ ತೋರಿಸುತ್ತಾರೆ. ಹೀಗಾಗಿ ಎಎಸ್ ಪಾಲಿಸುವ ಕಂಪನಿ ಇಂಥ ತಪ್ಪಿಗೆ ದೊಡ್ಡ ಕಂಪನಿಯ ವರದಿ ನೋಡಿ ‘ರೀಸ್ಟೇಟೆಡ್’ ಎಂದು ನಕಲು ಮಾಡಿದರೆ, ಮಾಡದ ಕೆಲಸವನ್ನು ಮಾಡಿದೆ ಎಂದು ಹೇಳಿದಂತಾಗುತ್ತದೆ.

ಬಜೆಟ್ ಗುರಿ ಇಳಿಸಿದಾಗಲೂ ರಿವೈಸ್ಡ್ ಎಂದು ಧೈರ್ಯವಾಗಿ ಬರೆಯಿರಿ. ವರ್ಷಕ್ಕೆ 18 ಕೋಟಿ ಎಂದಿದ್ದನ್ನು ಅಕ್ಟೋಬರ್‌ನಲ್ಲಿ 16.5 ಕೋಟಿ ಮಾಡಿದಿರಿ ಎನ್ನಿ. ಎಕ್ಸೆಲ್‌ನಲ್ಲಿ 18ರ ಮೇಲೆಯೇ 16.5 ಬರೆದು ಉಳಿಸಬೇಡಿ. ವರ್ಷದ ಕೊನೆಗೆ 16.6 ಕೋಟಿ ಬಂದರೆ ಗುರಿ ಮೀರಿದಂತೆ ಕಾಣುತ್ತದೆ, 1.4 ಕೋಟಿಯ ಕೊರತೆ ಹಾಳೆಯಿಂದಲೇ ಮಾಯವಾಗುತ್ತದೆ. ಮೂಲ ಗುರಿ, ಪರಿಷ್ಕೃತ ಗುರಿ, ಆದದ್ದು ಎಂದು ಮೂರು ಕಾಲಂ ಇಡಿ. ಪರಿಷ್ಕೃತ ಕಾಲಂನ ತಲೆಯಲ್ಲಿ ಯಾವ ತಿಂಗಳು ಪರಿಷ್ಕರಿಸಿದ್ದು ಎಂದು ಬರೆಯಿರಿ. ಎರಡನೇ ಸಲ ಇಳಿಸಿದರೆ ನಾಲ್ಕನೇ ಕಾಲಂ ಸೇರಿಸಿ, ಮೊದಲನೆಯದನ್ನು ಅಳಿಸಬೇಡಿ.