ಲಾಭ ಏರಿದರೂ ಷೇರು ಯಾಕೆ ಬಿತ್ತು?

ಪ್ರಶ್ನೆ: ಸರ್, ನಮ್ಮದು ಸಂಡೂರು. ಅದಿರು ಲಾರಿಗಳ ಓಡಾಟ ಜಾಸ್ತಿ ಆಗಿದ್ದು ನೋಡಿ ಒಂದು ಗಣಿ ಕಂಪನಿಯ ಷೇರು ತಗೊಂಡೆ. ಲಾಭ ಏರಿತು, ಆದರೆ ಫಲಿತಾಂಶ ಬಂದ ದಿನವೇ ಷೇರು ಬಿತ್ತು. ಮಾರುಕಟ್ಟೆಗೆ ಎಲ್ಲಾ ಮೊದಲೇ ಗೊತ್ತಿರುತ್ತೆ ಅಂತ ಗೆಳೆಯರು ಹೇಳ್ತಾರೆ. ಹಾಗಾದರೆ ಮಾರುಕಟ್ಟೆಗಿಂತ ಜಾಸ್ತಿ ಗಳಿಸೋಕೆ ಆಗೋದೇ ಇಲ್ವಾ?

ಉತ್ತರ: ನೀವು ಕಂಡಿದ್ದು ಸರಿಯಾಗೇ ಇತ್ತು. ಆದರೆ ಅದನ್ನು ಕಂಡವರು ನೀವೊಬ್ಬರೇ ಅಲ್ಲ. ನಿಮ್ಮ ಪಕ್ಕದ ದೋಣಿಮಲೈನಲ್ಲಿ ಗಣಿ ನಡೆಸುವ ಎನ್‌ಎಂಡಿಸಿಯನ್ನೇ ನೋಡಿ. ತಿಂಗಳಿಗೆ ಎಷ್ಟು ಅದಿರು ತೆಗೆದೆವು, ಎಷ್ಟು ಮಾರಿದೆವು ಅಂತ ಅವರೇ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸುತ್ತಾರೆ. ಮುಂಬೈನಲ್ಲಿ ಕೂತವರು ಲಾರಿ ಎಣಿಸಬೇಕಾಗಿಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಕಂಪನಿಯ ಹೋದ ವರ್ಷದ ಲಾಭ 500 ಕೋಟಿ. ಈ ಸಲ 650 ಕೋಟಿ ಬರಬಹುದು ಅಂತ ದೊಡ್ಡ ಹೂಡಿಕೆದಾರರು ಅಂದಾಜು ಮಾಡಿ ಮೊದಲೇ ಕೊಳ್ಳುತ್ತಾ ಬಂದರು, 160 ರೂಪಾಯಿ ಇದ್ದ ಷೇರು 200ಕ್ಕೆ ಬಂತು. ನೀವು ಕೊಂಡಿದ್ದು ಆಗ. ಫಲಿತಾಂಶದಲ್ಲಿ ಬಂದಿದ್ದು 625 ಕೋಟಿ. ಹೋದ ವರ್ಷಕ್ಕೆ ಹೋಲಿಸಿದರೆ ಶೇ 25 ಜಾಸ್ತಿ, ಆದರೆ ನಿರೀಕ್ಷೆಗಿಂತ 25 ಕೋಟಿ ಕಮ್ಮಿ. ಷೇರು 190ಕ್ಕೆ ಇಳಿಯಿತು. ಬೆಲೆ ಅಲುಗಾಡೋದು ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಅನ್ನೋದರ ಮೇಲಲ್ಲ, ನಿರೀಕ್ಷೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸದ ಮೇಲೆ. ಆ ವ್ಯತ್ಯಾಸ ಮೊದಲೇ ಗೊತ್ತಾಗುವಂತಿದ್ದರೆ ಅದೂ ಬೆಲೆಯಲ್ಲಿ ಸೇರಿಬಿಟ್ಟಿರುತ್ತಿತ್ತು, ಅಲ್ವಾ?

ದಕ್ಷ ಮಾರುಕಟ್ಟೆ ಸಿದ್ಧಾಂತ ಅನ್ನೋದು ಇದನ್ನೇ. ಇದನ್ನು 1970ರಲ್ಲಿ ಕ್ರಮವಾಗಿ ಮಂಡಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಯೂಜೀನ್ ಫಾಮಾ. ಹಳೆಯ ಬೆಲೆಗಳ ಮಾಹಿತಿ ಮಾತ್ರ ಇಂದಿನ ಬೆಲೆಯಲ್ಲಿ ಸೇರಿದೆ ಅನ್ನೋದು ಒಂದು ಮಟ್ಟ, ಎಲ್ಲರಿಗೂ ಸಿಗುವ ಮಾಹಿತಿ ಸೇರಿದೆ ಅನ್ನೋದು ಇನ್ನೊಂದು, ಒಳಗಿನ ಗುಟ್ಟೂ ಸೇರಿದೆ ಅನ್ನೋದು ಮೂರನೆಯದು. ಮೂರನೆಯದು ನಿಲ್ಲೋದಿಲ್ಲ. ಕಂಪನಿಯ ಲೆಕ್ಕ ವಿಭಾಗದಲ್ಲಿರುವ ನಿಮ್ಮ ಭಾವ ಫಲಿತಾಂಶವನ್ನು ಮೊದಲೇ ಹೇಳಿದರೆ ನಿಜವಾಗಿಯೂ ಲಾಭ ಮಾಡಬಹುದು, ಆದರೆ ಅದು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ 2015ರ ನಿಯಮಗಳ ಪ್ರಕಾರ ಅಪರಾಧ. ಅದರ ಹತ್ತಿರ ಹೋಗಲೇಬೇಡಿ.

ಹಾಗಂತ ಬೆಲೆ ಯಾವಾಗಲೂ ಸರಿ ಅಂತ ನಾನು ಒಪ್ಪೋದಿಲ್ಲ. 2013ರಲ್ಲಿ ಫಾಮಾ ಜೊತೆ ನೊಬೆಲ್ ಹಂಚಿಕೊಂಡವರಲ್ಲಿ ರಾಬರ್ಟ್ ಶಿಲ್ಲರ್ ಕೂಡ ಇದ್ದರು, ಮಾರುಕಟ್ಟೆ ಲೆಕ್ಕಕ್ಕಿಂತ ವಿಪರೀತ ಏರಿಳಿಯುತ್ತೆ ಅಂತ ತೋರಿಸಿದವರು ಅವರು. ಆದರೆ ಬೆಲೆ ತಪ್ಪಾಗಿದೆ ಅಂತ ಗೊತ್ತಾದರೆ ಸಾಲದು, ಅದು ಯಾವಾಗ ಸರಿಹೋಗುತ್ತೆ ಅನ್ನೋದೂ ಗೊತ್ತಿರಬೇಕು. ಅಷ್ಟರಲ್ಲಿ ಎಷ್ಟೋ ಜನರ ದುಡ್ಡು ಮುಗಿದಿರುತ್ತೆ.

ಇನ್ನೊಂದು ಮಾತು. ಎಲ್ಲರೂ ಬೆಲೆ ಸರಿಯಾಗಿದೆ ಅಂತ ಸುಮ್ನೆ ಕೂತರೆ ಅದನ್ನು ಸರಿಮಾಡೋರು ಯಾರು? ಅರ್ಥಶಾಸ್ತ್ರಜ್ಞರಾದ ಗ್ರಾಸ್‌ಮನ್ ಮತ್ತು ಸ್ಟಿಗ್ಲಿಟ್ಜ್ 1980ರಲ್ಲಿ ಎತ್ತಿದ್ದು ಇದೇ ಪ್ರಶ್ನೆ. ಮಾಹಿತಿ ಹುಡುಕೋಕೆ ಖರ್ಚು ಇದೆ, ಆದ್ದರಿಂದ ಹುಡುಕಿದವರಿಗೆ ಸ್ವಲ್ಪ ಪ್ರತಿಫಲ ಉಳಿಯಲೇಬೇಕು. ಯಾರೂ ಅಷ್ಟಾಗಿ ಗಮನಿಸದ ಸಣ್ಣ ಕಂಪನಿಗಳಲ್ಲಿ ಅಂಥ ಜಾಗ ಇರಬಹುದು. ಆದರೆ ಅಲ್ಲಿ ಬೇಕಾದಾಗ ಮಾರೋಕೆ ಗಿರಾಕಿ ಸಿಗೋದೂ ಕಷ್ಟ.

ಈಗ ಖರ್ಚು. ಎಲ್ಲ ಹೂಡಿಕೆದಾರರೂ ಸೇರಿದರೆ ಅದೇ ಮಾರುಕಟ್ಟೆ, ಹಾಗಾಗಿ ಒಬ್ಬರು ಸರಾಸರಿಗಿಂತ ಮೇಲೆ ಹೋದರೆ ಇನ್ನೊಬ್ಬರು ಕೆಳಗಿರಲೇಬೇಕು. ಖರ್ಚು ಮಾತ್ರ ಇಬ್ಬರಿಗೂ ಇದೆ. 1 ಲಕ್ಷದ ಷೇರನ್ನು ಡೆಲಿವರಿಯಲ್ಲಿ, ಅಂದರೆ ಅದೇ ದಿನ ಮಾರದೆ ಇಟ್ಟುಕೊಳ್ಳೋಕೆ, ತಗೊಂಡರೆ ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ 100 ರೂಪಾಯಿ, ಮಾರಿದರೆ ಮತ್ತೆ ಸುಮಾರು 100. ತಿಂಗಳಿಗೊಮ್ಮೆ ಹೀಗೆ ಪೂರ್ತಿ ಬದಲಾಯಿಸಿದರೆ ವರ್ಷಕ್ಕೆ 2,400, ಅಂದರೆ ಶೇ 2.4 ಅದಕ್ಕೇ ಹೋಯಿತು. ಬ್ರೋಕರೇಜ್, ಸ್ಟಾಂಪ್ ಡ್ಯೂಟಿ ಬೇರೆ. ವರ್ಷದೊಳಗೆ ಮಾರಿ ಬಂದ ಲಾಭಕ್ಕೆ ಶೇ 20 ತೆರಿಗೆ ಬೇರೆ.

ಅದಕ್ಕೇ ಉಳಿತಾಯದ ದೊಡ್ಡ ಪಾಲು ನಿಫ್ಟಿ 50 ಥರದ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ಕಡಿಮೆ ಖರ್ಚಿನ ಇಂಡೆಕ್ಸ್ ಫಂಡಿನಲ್ಲಿ ಇರಲಿ ಅನ್ನುತ್ತೇನೆ. ಮಾರುಕಟ್ಟೆ ಬಿದ್ದರೆ ಅದೂ ಬೀಳುತ್ತೆ, ಆದ್ದರಿಂದ ಬೇಗ ಬೇಕಾಗುವ ದುಡ್ಡು ಅಲ್ಲಿ ಬೇಡ. ಷೇರು ಆರಿಸೋ ಆಸೆ ಇದ್ದರೆ ಹೋದರೂ ಮನೆಗೆ ತೊಂದರೆಯಾಗದಷ್ಟು ಮಾತ್ರ ತೆಗೆದಿಟ್ಟುಕೊಳ್ಳಿ. ಅದರ ಲೆಕ್ಕ ಪ್ರಾಮಾಣಿಕವಾಗಿರಲಿ: ನಷ್ಟಕ್ಕೆ ಮಾರಿದ ಷೇರುಗಳನ್ನೂ ಸೇರಿಸಿ, ಖರ್ಚು ಕಳೆದು, ಯಾವ ತಾರೀಖಿಗೆ ಎಷ್ಟು ಹಾಕಿದಿರಿ ಅನ್ನೋದನ್ನು ಮೈನಸ್ ಆಗಿ, ಯಾವ ತಾರೀಖಿಗೆ ಎಷ್ಟು ವಾಪಸ್ ತೆಗೆದಿರಿ ಮತ್ತು ಉಳಿದಿರೋದರ ಇವತ್ತಿನ ಬೆಲೆ ಎಷ್ಟು ಅನ್ನೋದನ್ನು ಪ್ಲಸ್ ಆಗಿ ಬರೆದು ಎಕ್ಸೆಲ್‌ನ XIRR ಸೂತ್ರದಿಂದ ವಾರ್ಷಿಕ ಗಳಿಕೆ ತೆಗೆಯಿರಿ. ಅದೇ ತಾರೀಖುಗಳಲ್ಲಿ ಅದೇ ಮೊತ್ತವನ್ನು ನಿಫ್ಟಿ 50 ಇಂಡೆಕ್ಸ್ ಫಂಡಿಗೆ ಹಾಕಿದ್ದರೆ ಎಷ್ಟಾಗುತ್ತಿತ್ತು ಅಂತ ಪಕ್ಕದಲ್ಲೇ ಬರೆಯಿರಿ. ಒಂದೆರಡು ವರ್ಷ ನೀವು ಮುಂದಿದ್ದರೂ ಅದು ಅದೃಷ್ಟ ಇರಬಹುದು. ಮಾರುಕಟ್ಟೆ ಏರಿದ ವರ್ಷಗಳೂ ಬಿದ್ದ ವರ್ಷಗಳೂ ಆ ಲೆಕ್ಕದಲ್ಲಿ ಬರುವ ತನಕ ಮೊತ್ತ ಹೆಚ್ಚಿಸಬೇಡಿ.